ಸೆಲ್ಪಿಪ್ ಈಮೇಲ್ ಟಾಸ್ಕ್‌ನಲ್ಲಿ ಮೀಟಿಂಗ್ ಟೈಮ್ ಚೇಂಜ್ ಮಾಡಿ ಅಂತ ಕೇಳೋ ಪ್ರಶ್ನೆ: ತುಂಬಾ ದಿನ ಪ್ರ್ಯಾಕ್ಟೀಸ್ ಟೆಸ್ಟ್ ಬಳಸಿ ಬರೀತಿರೋ ರಿವ್ಯೂ

ಕೆನಡಾ ಪಿಆರ್‌ಗೆ ಅಂತ ಸೆಲ್ಪಿಪ್ ಜನರಲ್ ಇಂಗ್ಲಿಷ್ ಟೆಸ್ಟ್ ಬರೆಯೋರಿಗೆ ಇದು ಉಪಯೋಗ ಆಗುತ್ತೆ. ನಾನು ಸೆಲ್ಪಿಪ್ ಸೈಟ್‌ನಲ್ಲಿರೋ ಫ್ರೀ ಪ್ರ್ಯಾಕ್ಟೀಸ್ ಟೆಸ್ಟ್‌ನಿಂದ ಶುರು ಮಾಡಿ, ಆಮೇಲೆ ದುಡ್ಡು ಕೊಟ್ಟು ತಗೊಂಡಿದ್ದನ್ನೂ ತುಂಬಾ ದಿನ ಬಳಸಿದೀನಿ. ನಾನು ಟೆಸ್ಟ್ ಮುಗಿಸಿದ ಮೇಲೂ ನಮ್ಮ ಮನೆಯವರಿಗೆ ಮತ್ತೆ ಇಬ್ಬರು ಫ್ರೆಂಡ್ಸ್‌ಗೆ ಕೂತು ಬರೆಸಿದೀನಿ. ಇಡೀ ಟೆಸ್ಟ್ ಬಗ್ಗೆ ಬರೆಯಲ್ಲ, ರೈಟಿಂಗ್‌ನಲ್ಲಿ ಮೊದಲು ಬರೋ ಈಮೇಲ್ ಟಾಸ್ಕ್, ಅದ್ರಲ್ಲೂ ಆಫೀಸ್ ಮೀಟಿಂಗ್ ಟೈಮ್ ಬದಲಾಯಿಸಿ ಅಂತ ಮ್ಯಾನೇಜರ್‌ಗೆ ಬರೆಯೋ ತರದ್ದು ಮಾತ್ರ. ಸುಲಭ ಅನ್ಸುತ್ತೆ, ನಾವು ದಿನಾ ಬರೆಯೋದೇ ತಾನೇ ಅಂತ, ಆದ್ರೆ ಆಫೀಸಲ್ಲಿ ಎರಡು ಲೈನ್‌ನಲ್ಲಿ ಮುಗಿಯೋದನ್ನ ಇಲ್ಲಿ 150ರಿಂದ 200 ಪದ ಬರೀಬೇಕು, ಕಷ್ಟ ಇರೋದೇ ಅಲ್ಲಿ.

ಸ್ಕ್ರೀನ್ ಎರಡು ಭಾಗ ಇರುತ್ತೆ, ಒಂದು ಕಡೆ ಸನ್ನಿವೇಶ ಮತ್ತೆ ಈಮೇಲ್‌ನಲ್ಲಿ ಬರಲೇಬೇಕಾದ ಮೂರು ಪಾಯಿಂಟ್, ಇನ್ನೊಂದು ಕಡೆ ಟೈಪ್ ಮಾಡೋ ಬಾಕ್ಸ್, ಎಷ್ಟು ಪದ ಆಯ್ತು ಅಂತ ಅದೇ ಎಣಿಸಿ ತೋರಿಸುತ್ತೆ. ಟೈಮ್ 27 ನಿಮಿಷ. ಇದರಲ್ಲಿ ಮಿಕ್ಕಿದ ಟೈಮ್ ಮುಂದಿನ ಸರ್ವೇ ಪ್ರಶ್ನೆಗೆ ಸೇರಲ್ಲ, ಅದಕ್ಕೆ ಬೇರೆ 26 ನಿಮಿಷ ಇದೆ, ಹಿಂದಕ್ಕೆ ಬರೋಕೂ ಆಗಲ್ಲ, ಹಾಗಾಗಿ ಬೇಗ ಮುಗಿಸಿ ಮುಂದಕ್ಕೆ ಹೋಗೋದ್ರಿಂದ ಏನೂ ಲಾಭ ಇಲ್ಲ. ಪ್ರ್ಯಾಕ್ಟೀಸ್ ಟೆಸ್ಟ್‌ಗೆ ನಾನು ಕೊಡೋ ದೊಡ್ಡ ಮಾರ್ಕ್ಸ್ ಇದಕ್ಕೇ, ಬಾಕ್ಸು, ಗಡಿಯಾರ, ಎಣಿಕೆ ಎಲ್ಲಾ ನಿಜವಾದ ಟೆಸ್ಟ್ ತರಾನೇ ಇದೆ, ಲಿಸನಿಂಗ್ ಮತ್ತು ರೀಡಿಂಗ್ ಮುಗಿಸಿ ತಲೆ ಬಿಸಿ ಆಗಿರೋವಾಗ ಕಣ್ಣಿಗೆ ಹೊಸದು ಏನೂ ಬೀಳಲ್ಲ.

ಈಗ ಒಂದು ಪ್ರಶ್ನೆ ನೋಡೋಣ, ಇದು ನಾನೇ ಮನೆಯಲ್ಲಿ ಬರೆಸೋಕೆ ಮಾಡ್ಕೊಂಡಿದ್ದು. ಮೇ 14 ಗುರುವಾರ ಬೆಳಿಗ್ಗೆ 10ಕ್ಕೆ ನಿಮ್ಮ ಮ್ಯಾನೇಜರ್ ಪ್ಲ್ಯಾನಿಂಗ್ ಮೀಟಿಂಗ್ ಇಟ್ಟಿದಾರೆ, ಅದೇ ಟೈಮಿಗೆ ಗೋಡೌನ್‌ಗೆ ಆಡಿಟರ್ ಬರ್ತಿದಾರೆ, ನೀವು ಅಲ್ಲಿ ಇರ್ಲೇಬೇಕು. ಬರೀಬೇಕಾದ್ದು: ಯಾಕೆ ಬರೋಕಾಗಲ್ಲ, ಬೇರೆ ಟೈಮ್ ಯಾವುದು, ಬೇರೆಯವರಿಗೆ ತೊಂದ್ರೆ ಆಗದ ಹಾಗೆ ನೀವೇನು ಮಾಡ್ತೀರಿ.

ಹೆಚ್ಚಿನವರು ಏನ್ ಮಾಡ್ತಾರೆ ಅಂದ್ರೆ ಮೊದಲನೇ ಪಾಯಿಂಟ್‌ಗೇ 120 ಪದ ಸುರಿದುಬಿಡ್ತಾರೆ, ಆಡಿಟರ್ ಯಾರು, ಹೋದ ವರ್ಷ ಏನಾಯ್ತು, ಎಷ್ಟು ಸಾರಿ, ಎಷ್ಟು ಬೇಜಾರು, ಕೊನೆಗೆ ಪದ ಮುಗಿದು "ಬೇರೆ ಟೈಮ್ ಇಡ್ತೀರಾ ಪ್ಲೀಸ್" ಅಂತ ಒಂದೇ ಸಾಲು. ಮೂರನೇ ಪಾಯಿಂಟ್ ಇರೋದೇ ಇಲ್ಲ. ಈ ಟಾಸ್ಕ್‌ಗೆ ಮಾರ್ಕ್ಸ್ ಕೊಡೋದು ನಾಲ್ಕು ವಿಷಯ ನೋಡಿ: ವಿಷಯ ಮತ್ತು ಅದರ ಜೋಡಣೆ, ಪದಗಳ ಬಳಕೆ, ಓದೋಕೆ ಸಲೀಸಾಗಿದೆಯಾ ಅನ್ನೋದು, ಕೊನೆಗೆ ಕೇಳಿದ್ದನ್ನ ಪೂರ್ತಿ ಮಾಡಿದೀರಾ ಅನ್ನೋದು. ಈ ಕೊನೇದರಲ್ಲೇ ಟೋನ್ ಕೂಡ ಬರುತ್ತೆ. ಅಂದ್ರೆ ಗ್ರಾಮರ್ ಚಂದ ಇದ್ರೂ ಒಂದು ಪಾಯಿಂಟ್ ಬಿಟ್ರೆ ಲೆವೆಲ್ 9ರ ಕನಸು ಅಲ್ಲೇ ಕುಂಟುತ್ತೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಹೆಚ್ಚು ಪಾಯಿಂಟ್ ಸಿಗೋಕೆ ಕೆನಡಾದ ಭಾಷಾ ಮಟ್ಟದ ಅಳತೆ ಸಿಎಲ್‌ಬಿಯಲ್ಲಿ 9 ಬೇಕು ಅಂತ ಕೂತಿರೋರಿಗೆ ಇದರ ಬೆಲೆ ಗೊತ್ತು.

ನಾನು ಬರೆಸೋ ರೀತಿ ಹೀಗೆ. ಮೊದಲ ಮೂರ್ನಾಲ್ಕು ನಿಮಿಷ ಟೈಪ್ ಮಾಡಲ್ಲ, ಮೂರು ಪಾಯಿಂಟ್‌ಗೂ ಪೇಪರ್ ಮೇಲೆ ಒಂದೊಂದು ನಿಜವಾದ ವಿವರ ಗೀಚ್ಕೋಬೇಕು. ಡಿಯರ್ ಅಂತ ಹೆಸರು ಹಾಕಿ ಮೊದಲ ಪ್ಯಾರಾದಲ್ಲೇ ಯಾವ ಮೀಟಿಂಗ್, ಯಾವ ದಿನ, ಏನು ಬೇಕು ಅಂತ ಹೇಳಿಬಿಡಬೇಕು, ಅಂದಾಜು 30 ಪದ. ಕಾರಣಕ್ಕೆ 45ರ ಹತ್ರ ಸಾಕು: ಆಡಿಟ್ ಅದೇ 10 ಗಂಟೆಗೆ, ಸ್ಟಾಕ್ ರಿಜಿಸ್ಟರ್ ನನ್ನ ಹತ್ರ ಇರೋದು, ದಿನಾಂಕ ಆಡಿಟರ್ ಕಡೆಯಿಂದ ಫಿಕ್ಸ್ ಆಗಿದೆ, ನಾವು ಬದಲಾಯಿಸೋಕೆ ಆಗಲ್ಲ. ಈ ಕೊನೇ ಮಾತು ಮುಖ್ಯ, ಯಾಕಂದ್ರೆ ಮ್ಯಾನೇಜರ್ ಓದೋವಾಗ ಮೊದಲು ಏಳೋ ಪ್ರಶ್ನೆ ಅದೇ, ನೀನು ಆಡಿಟ್ ಮುಂದಕ್ಕೆ ಹಾಕ್ಬಹುದಲ್ವಾ ಅಂತ.

ಆಮೇಲೆ ಬೇರೆ ಟೈಮ್. ಇಲ್ಲಿ ಎರಡು ಆಯ್ಕೆ ಕೊಡಿ, ಅದೇ ಗುರುವಾರ ಮಧ್ಯಾಹ್ನ 3 ಗಂಟೆ ಅಥವಾ ಮೇ 15 ಶುಕ್ರವಾರ 11 ಗಂಟೆ. ಬರೀ ನೆಕ್ಸ್ಟ್ ವೀಕ್ ಅಂತ ಬರೆದ್ರೆ ಕೆಲಸ ಮತ್ತೆ ಮ್ಯಾನೇಜರ್ ತಲೆಗೇ ಬರುತ್ತೆ, ದಿನಾಂಕ ಹಾಕಿದ್ರೆ ಅವರು ಹೂಂ ಅಂದ್ರೆ ಸಾಕು. ಈ ಎರಡು ಟೈಮ್ ಯಾಕೆ ಅಂತ ಅರ್ಧ ವಾಕ್ಯ ಸೇರಿಸಿದ್ರೆ ವಿಷಯದ ತೂಕ ಹೆಚ್ಚುತ್ತೆ, ಉದಾಹರಣೆಗೆ 2ರ ಹೊತ್ತಿಗೆ ಆಡಿಟ್ ಮುಗಿಯುತ್ತೆ, ಟೀಮ್ ಕ್ಯಾಲೆಂಡರ್‌ನಲ್ಲಿ ಎಲ್ಲರೂ ಆಗ ಫ್ರೀ ಇದಾರೆ ಅಂತ. ಮೂರನೇದಕ್ಕೆ ನಾನೇ ಹೊಸ ಇನ್ವೈಟ್ ಕಳಿಸ್ತೀನಿ, ನನ್ನ ಭಾಗದ ರಿಪೋರ್ಟ್ ಬುಧವಾರ ಸಂಜೆಯೊಳಗೆ ಹಂಚ್ತೀನಿ, ಯಾವುದೂ ಆಗಲ್ಲ ಅಂದ್ರೆ ನನ್ನ ಬದಲು ಒಬ್ಬ ಸಹೋದ್ಯೋಗಿ ಬಂದು ನೋಟ್ಸ್ ಮಾಡ್ಕೋತಾರೆ. ಇಷ್ಟು ಬರೆಯೋ ಹೊತ್ತಿಗೆ ಎಣಿಕೆ 170 ದಾಟಿರುತ್ತೆ, ನೀರು ಸೇರಿಸೋ ಅಗತ್ಯಾನೇ ಇಲ್ಲ.

ಟೋನ್ ವಿಷಯ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ನಮ್ಮವರಿಗೆ ಕಷ್ಟ ಆಗೋದು ಇಲ್ಲೇ. ಒಂದು ಕಡೆ ಐ ವಾಂಟ್ ಯು ಟು ಚೇಂಜ್ ಅಂತ ಆರ್ಡರ್ ಮಾಡಿದ ಹಾಗೆ, ಇನ್ನೊಂದು ಕಡೆ ರೆಸ್ಪೆಕ್ಟೆಡ್ ಸರ್, ಐ ಹಂಬ್ಲಿ ರಿಕ್ವೆಸ್ಟ್ ಅಂತ ಸ್ಕೂಲ್ ಲೀವ್ ಲೆಟರ್. ಕೆನಡಾ ಆಫೀಸಲ್ಲಿ ಮ್ಯಾನೇಜರ್‌ನ ಸಾಮಾನ್ಯವಾಗಿ ಮೊದಲ ಹೆಸರಿಂದಲೇ ಕರೀತಾರೆ, ವುಡ್ ಇಟ್ ಬಿ ಪಾಸಿಬಲ್ ಟು ಮೂವ್ ಅಂತ ಕೇಳಿದ್ರೆ ಗೌರವ ಅಷ್ಟರಲ್ಲೇ ಬಂತು. ಸಾರಿ ಒಂದೇ ಸಲ ಸಾಕು. ನಾವು ಬೆಂಗಳೂರಲ್ಲಿ ದಿನಾ ಬಳಸೋ ಪ್ರಿಪೋನ್, ಡೂ ದ ನೀಡ್‌ಫುಲ್, ಔಟ್ ಆಫ್ ಸ್ಟೇಷನ್ ಇವೆಲ್ಲ ಅಲ್ಲಿ ಓದೋರಿಗೆ ಅಷ್ಟು ಪರಿಚಯ ಇಲ್ಲ, ಬಿಡೋದು ಒಳ್ಳೇದು. ಬಾಕ್ಸ್‌ನಲ್ಲಿ ಸ್ಪೆಲ್ ಚೆಕ್ ಇದೆ ನಿಜ, ಆದ್ರೆ ಸ್ಪೆಲ್ಲಿಂಗ್ ಸರಿ ಇದ್ದು ಪದಾನೇ ತಪ್ಪಿದ್ರೆ, ದೇರ್ ಇರ್ಬೇಕಾದ ಕಡೆ ಇನ್ನೊಂದು ದೇರ್ ಬಿದ್ರೆ, ಅದು ಕೆಂಪು ಗೆರೆ ಹಾಕುತ್ತೆ ಅಂತ ನಂಬ್ಕೊಂಡು ಕೂರೋಕಾಗಲ್ಲ. ಅದಕ್ಕೇ ಕೊನೇ ಐದು ನಿಮಿಷ ಓದೋಕೆ ಅಂತ ಇಟ್ಕೋಬೇಕು, ಮೊದಲು ದಿನ ಮತ್ತು ದಿನಾಂಕ ಹೊಂದುತ್ತಾ ನೋಡಿ, ಆಮೇಲೆ ಗ್ರಾಮರ್.

ಒಂದು ಕೋಚಿಂಗ್ ಸೆಂಟರ್‌ನಲ್ಲಿ ಎಲ್ಲಾ ಈಮೇಲ್‌ಗೂ ಒಂದೇ ಟೆಂಪ್ಲೇಟ್ ಬಾಯಿಪಾಠ ಮಾಡಿಸ್ತಿದ್ರು, ನಮ್ಮ ಫ್ರೆಂಡ್ ಅದನ್ನೇ ಹಿಡ್ಕೊಂಡು ಬಂದಿದ್ದ. ಐ ಹೋಪ್ ದಿಸ್ ಈಮೇಲ್ ಫೈಂಡ್ಸ್ ಯು ವೆಲ್ ಅಂತ ಶುರುವಾಗಿ ಮೊದಲ 50 ಪದದಲ್ಲಿ ಯಾವ ಮೀಟಿಂಗ್ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಅದೇ ಟೆಂಪ್ಲೇಟ್ ರೆಸ್ಟೋರೆಂಟ್ ಕಂಪ್ಲೇಂಟ್‌ಗೂ ಹೊಂದುತ್ತೆ, ಹಾಗಾಗಿ ಯಾವುದಕ್ಕೂ ಸರಿಯಾಗಿ ಹೊಂದಲ್ಲ.

ಪ್ರ್ಯಾಕ್ಟೀಸ್ ಟೆಸ್ಟ್‌ಗೆ ಒಂದು ಮಿತಿ ಇದೆ, ಗೊತ್ತಿರ್ಲಿ. ಲಿಸನಿಂಗ್, ರೀಡಿಂಗ್‌ಗೆ ಉತ್ತರ ತಾಳೆ ನೋಡಿ ಸ್ಕೋರ್ ಸಿಗುತ್ತೆ, ಫ್ರೀ ಟೆಸ್ಟ್‌ನಲ್ಲಿ ಬರೆದ ಈಮೇಲ್‌ಗೆ ಆ ತರ ಮಾರ್ಕ್ಸ್ ಸಿಗಲ್ಲ, ಅವರು ಕೊಟ್ಟಿರೋ ಮಾನದಂಡ ಇಟ್ಕೊಂಡು ನಾವೇ ನೋಡ್ಕೋಬೇಕು. ನಾನು ಕಂಡ್ಕೊಂಡ ದಾರಿ ಅಂದ್ರೆ, ಬರೆದ ಈಮೇಲ್ ಕಾಪಿ ಮಾಡಿ ಪ್ರಶ್ನೆ ಗೊತ್ತಿಲ್ದೇ ಇರೋ ಒಬ್ಬರಿಗೆ ಕಳಿಸಿ, ಯಾವ ಮೀಟಿಂಗ್, ಯಾಕೆ ಬರಲ್ಲ, ಯಾವಾಗ ಇಡ್ಬೇಕು, ಯಾರು ಏನು ಮಾಡ್ತಾರೆ ಅಂತ ವಾಪಸ್ ಕೇಳಿ. ಒಂದಕ್ಕೆ ತಡವರಿಸಿದ್ರೂ ಆ ಪ್ಯಾರಾ ಮತ್ತೆ ಬರೀಬೇಕು. ನಮ್ಮ ಮನೆಯವರು ಹೀಗೇ ಮಾಡ್ತಾ ಮಾಡ್ತಾ ಕಾರಣದ ಪ್ಯಾರಾ ತಾವಾಗಿಯೇ ಚಿಕ್ಕದು ಮಾಡ್ಕೊಂಡ್ರು.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಮೊದಲು ಫ್ರೀ ಇರೋದನ್ನ ಪೂರ್ತಿ ಟೈಮ್ ಇಟ್ಕೊಂಡು ಬರೀರಿ, ಟೈಪಿಂಗ್ ನಿಧಾನ ಇದ್ರೆ ದುಡ್ಡಿನದು ತಗೊಳ್ಳೋಕೆ ಮುಂಚೆ ಕೀಬೋರ್ಡ್ ಮೇಲೆ ಕೈ ಪಳಗಿಸ್ಕೊಳ್ಳಿ.