ಸ್ವಾಪ್ ಸ್ಯಾಂಡ್‌ವಿಚ್ ಆಗದಿರಲು: ಸ್ಲಿಪೇಜ್ ಇಳಿಸೋದಾ, ಖಾಸಗಿ ದಾರಿ ಹಿಡಿಯೋದಾ?

ಈಥೀರಿಯಂನಲ್ಲಿ ನಿಮ್ಮ ಸ್ವಾಪ್, ಅಂದರೆ ಒಂದು ಟೋಕನ್ ಕೊಟ್ಟು ಇನ್ನೊಂದು ಪಡೆಯುವ ವಹಿವಾಟು, ಬ್ಲಾಕ್ ಸೇರುವ ಮೊದಲು ಸಾಮಾನ್ಯವಾಗಿ ಮೆಂಪೂಲ್ ಎಂಬ ಸಾರ್ವಜನಿಕ ಸರತಿಯಲ್ಲಿ ಕಾಯುತ್ತದೆ. ಅಲ್ಲಿ ಅದು ಎಲ್ಲರಿಗೂ ಕಾಣುತ್ತದೆ, ಬಾಟ್‌ಗಳಿಗೂ.

ಒಂದು ಲೆಕ್ಕ ನೋಡಿ. ಯೂನಿಸ್ವಾಪ್ ವಿ2 ಮಾದರಿಯ ಪೂಲ್‌ನಲ್ಲಿ 1,000 ಈಥರ್, ಡಾಲರ್‌ಗೆ ಸಮನಾದ ಟೋಕನ್ ಯುಎಸ್‌ಡಿಸಿ 20 ಲಕ್ಷ ಇದೆ. ನೀವು 20,000 ಯುಎಸ್‌ಡಿಸಿ ಹಾಕುತ್ತೀರಿ. ಶುಲ್ಕ ಬಿಟ್ಟರೆ 9.90 ಈಥರ್ ಸಿಗಬೇಕು. ಸ್ಲಿಪೇಜ್, ಅಂದರೆ ಬೆಲೆ ಎಷ್ಟರ ಮಟ್ಟಿಗೆ ಕೆಟ್ಟರೂ ಒಪ್ಪುತ್ತೀರಿ ಎಂಬ ಮಿತಿ, 3% ಇಟ್ಟಿದ್ದೀರಿ. ಬಾಟ್ ನಿಮಗಿಂತ ಮುಂಚೆ 30,000ಕ್ಕೆ ಈಥರ್ ಕೊಂಡು ಬೆಲೆ ಏರಿಸಿ, ನಿಮ್ಮದಾದ ತಕ್ಷಣ ಮಾರುತ್ತದೆ. ಇದೇ ಸ್ಯಾಂಡ್‌ವಿಚ್. ನಿಮ್ಮ ಕೈಗೆ 9.61. ಸುಮಾರು 580 ಡಾಲರ್ ಹೋಯ್ತು, ಆದರೂ ಪರದೆಯಲ್ಲಿ ‘ಯಶಸ್ವಿ’! ಎಕ್ಸ್‌ಪ್ಲೋರರ್‌ನಲ್ಲಿ ಅದೇ ಬ್ಲಾಕ್ ತೆರೆದರೆ ನಿಮ್ಮ ಹಿಂದೆ ಮುಂದೆ ಒಬ್ಬನದೇ ಕೊಳ್ಳುವಿಕೆ, ಮಾರಾಟ ಕಾಣುತ್ತದೆ.

ಸ್ಲಿಪೇಜ್ 0.5%ಕ್ಕೆ ಇಳಿಸಿದರೆ ನಷ್ಟ ಹೆಚ್ಚೆಂದರೆ 0.05 ಈಥರ್. ಆದರೆ ಬೆಲೆ ಸುಮ್ನೆ ಅಲುಗಾಡಿದರೂ ಸ್ವಾಪ್ ವಿಫಲವಾಗಿ ಗ್ಯಾಸ್ ಎಂಬ ನೆಟ್‌ವರ್ಕ್ ಶುಲ್ಕ ದಂಡ.

ಫ್ಲ್ಯಾಶ್‌ಬಾಟ್ಸ್ ಪ್ರೊಟೆಕ್ಟ್‌ನಂಥ ಖಾಸಗಿ ಆರ್‌ಪಿಸಿ, ಅಂದರೆ ವಾಲೆಟ್ ತನ್ನ ವಹಿವಾಟು ಕಳಿಸುವ ವಿಳಾಸ, ಹಾಕಿಕೊಂಡರೆ ಸ್ವಾಪ್ ಮೆಂಪೂಲ್‌ಗೆ ಹೋಗೋದೇ ಇಲ್ಲ. ವಿಫಲವಾದರೆ ಗ್ಯಾಸೂ ಇಲ್ಲ. ಆದರೆ ಅದನ್ನು ನೋಡುವ, ಬ್ಲಾಕ್ ಕಟ್ಟುವ ಬಿಲ್ಡರ್‌ಗಳನ್ನು ನಂಬಬೇಕು, ಕೆಲವೊಮ್ಮೆ ಜಾಸ್ತಿ ಕಾಯಬೇಕು.

ಕೌ ಸ್ವಾಪ್ ಎಂಬ ವಿನಿಮಯ ತಾಣದಲ್ಲಿ ನೀವು ಆರ್ಡರ್‌ಗೆ ಸಹಿ ಮಾತ್ರ ಹಾಕುತ್ತೀರಿ, ನಿಮ್ಮ ಪರವಾಗಿ ವಹಿವಾಟು ನಡೆಸುವ ಸಾಲ್ವರ್‌ಗಳು ಒಳ್ಳೆ ಬೆಲೆಗೆ ಪೈಪೋಟಿ ಮಾಡುತ್ತಾರೆ. ಶುಲ್ಕ ಟೋಕನ್‌ನಲ್ಲೇ ಕಡಿತ. ಇಂಥ 20,000ದ ಸ್ವಾಪ್‌ಗೆ ನನ್ನ ಓಟು ಇದಕ್ಕೇ. ನೂರಿನ್ನೂರು ಡಾಲರಿಗಾದರೆ ಖಾಸಗಿ ಆರ್‌ಪಿಸಿ ಸಾಕು.