ಸಾಲ್ಟರ್-ಹ್ಯಾರಿಸ್ ನೆನಪಿಡಲು ಅಕ್ಷರವಾ, ಮುಷ್ಟಿಯಾ?

ಮಕ್ಕಳ ಮೂಳೆಯ ತುದಿಯ ಹತ್ತಿರ ಮೂಳೆ ಉದ್ದ ಬೆಳೆಯುವ ಪದರವೇ ಬೆಳವಣಿಗೆ ಫಲಕ. ಅದರ ಮೂಲಕ ಹಾಯುವ ಮುರಿತಗಳಿಗೆ ಐದು ವಿಧ. 1963ರಲ್ಲಿ ಸಾಲ್ಟರ್ ಮತ್ತು ಹ್ಯಾರಿಸ್ ಕೊಟ್ಟ ವಿಂಗಡಣೆ ಇದು. ರಿವಿಷನ್ ಕಾರ್ಡ್‌ಗಳಿಗೆಂದು ಇದಕ್ಕೆ ಎರಡು ನೆನಪಿನ ಕೊಕ್ಕೆಗಳನ್ನು ಮಾಡಿಕೊಂಡು ನೋಡಿದೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಅಕ್ಷರದ ಸೂತ್ರ. ಸಾಲ್ಟರ್ ಹೆಸರಿನ ಇಂಗ್ಲಿಷ್ ಅಕ್ಷರಗಳಲ್ಲೇ ಐದೂ ವಿಧ ಕೂತಿವೆ. ಎಸ್ ಅಂದರೆ ಸ್ಲಿಪ್, ಎ ಅಂದರೆ ಅಬೋವ್, ಎಲ್ ಅಂದರೆ ಲೋವರ್, ಟಿ ಅಂದರೆ ಥ್ರೂ, ಆರ್ ಅಂದರೆ ರ‍್ಯಾಮ್ಡ್, ಅಂದರೆ ಜಜ್ಜಿದ್ದು. ಒಂದೆರಡು ಸಲ ಓದಿದರೆ ಬಾಯಿಗೆ ಬಂದುಬಿಡುತ್ತದೆ. ಸಂಖ್ಯೆ ಕೇಳಿದರೆ ಉತ್ತರ ತಕ್ಷಣ ಸಿಗುತ್ತದೆ.

ತೊಂದರೆ ಇರುವುದು "ಮೇಲೆ", "ಕೆಳಗೆ" ಅನ್ನುವ ಪದಗಳಲ್ಲಿ. ಈ ಸೂತ್ರ ಮೂಳೆಯ ತುದಿ ಕೆಳಗಿದೆ ಎಂದುಕೊಂಡು ಮಾಡಿದ್ದು. ಮುಂಗೈಯ ರೇಡಿಯಸ್‌ನ ಮಣಿಕಟ್ಟಿನ ತುದಿಗೆ ಅದು ಸರಿಹೋಗುತ್ತದೆ. ಅದೇ ತೋಳಿನ ಮೂಳೆಯ ಭುಜದ ತುದಿ ತೆಗೆದುಕೊಳ್ಳಿ. ಅಲ್ಲಿ ಫಲಕದಿಂದ ಕೀಲಿನ ಕಡೆಗಿರುವ ತುದಿ, ಅಂದರೆ ಎಪಿಫಿಸಿಸ್, ಮೇಲಿದೆ; ಮೂಳೆಯ ಕಾಂಡದ ಕಡೆಗಿರುವ ಭಾಗ, ಅಂದರೆ ಮೆಟಾಫಿಸಿಸ್, ಕೆಳಗಿದೆ. ಬಿರುಕು ಫಲಕದಿಂದ ಕೆಳಕ್ಕೆ ಹೋಗಿರುವ ಎಕ್ಸ್‌ರೇ ಕಂಡಾಗ ಸೂತ್ರ "ಲೋವರ್, ಮೂರನೇ ವಿಧ" ಅನ್ನಿಸುತ್ತದೆ. ನಿಜವಾಗಿ ಅದು ಎರಡನೆಯದು, ಯಾಕಂದ್ರೆ ಬಿರುಕು ಹೋಗಿದ್ದು ಮೆಟಾಫಿಸಿಸ್‌ಗೆ. ಇದು ಸಣ್ಣ ವ್ಯತ್ಯಾಸವಲ್ಲ. ಮೂರನೆಯದೂ ನಾಲ್ಕನೆಯದೂ ಕೀಲಿನ ಮೇಲ್ಮೈ ತನಕ ಮುಟ್ಟುತ್ತವೆ. ಅಲ್ಲಿ ತುಣುಕುಗಳನ್ನು ನಿಖರವಾಗಿ ಕೂಡಿಸಬೇಕು.

ಇನ್ನೊಂದು ಕೊಕ್ಕೆ ನನ್ನದೇ ಕೈ. ಮುಷ್ಟಿ ಎಪಿಫಿಸಿಸ್, ಮಣಿಕಟ್ಟಿನ ಗೆರೆ ಬೆಳವಣಿಗೆ ಫಲಕ, ಮುಂಗೈ ಮೆಟಾಫಿಸಿಸ್, ಬೆರಳ ಗೆಣ್ಣುಗಳು ಕೀಲಿನ ಮೇಲ್ಮೈ. ಮುಷ್ಟಿ ಪಕ್ಕಕ್ಕೆ ಜಾರಿದರೆ ಒಂದು. ಗೆರೆಗುಂಟ ಹೋದ ಬಿರುಕು ಮುಂಗೈ ಕಡೆ ತಿರುಗಿದರೆ ಎರಡು. ಹೆಚ್ಚಾಗಿ ಸಿಗುವುದು ಇದೇ. ಗೆಣ್ಣಿನ ಕಡೆ ತಿರುಗಿದರೆ ಮೂರು. ಗೆಣ್ಣಿನಿಂದ ಗೆರೆ ದಾಟಿ ಮುಂಗೈಗೆ ಸೀಳಿದರೆ ನಾಲ್ಕು. ಮುಷ್ಟಿ ಗೋಡೆಗೆ ಗುದ್ದಿ ಮಣಿಕಟ್ಟು ಜಜ್ಜಿದರೆ ಐದು. ಕೈಯನ್ನು ತಲೆಕೆಳಗು ಮಾಡಿದರೂ ಇದರಲ್ಲಿ ಏನೂ ಬದಲಾಗುವುದಿಲ್ಲ, ಅಲ್ವಾ? ಅದೇ ಇದರ ಬಲ.

ಆದರೆ ಕೈ ನಿಧಾನ. ಎರಡು ಮೊದಲೋ ಮೂರು ಮೊದಲೋ ಅನ್ನುವುದನ್ನು ಅದು ಹೇಳಿಕೊಡುವುದಿಲ್ಲ. ಹಾಗಾಗಿ ಅಕ್ಷರಗಳನ್ನು ಕ್ರಮಕ್ಕೆ ಮಾತ್ರ ಇಟ್ಟುಕೊಂಡು, ಎ ಅಕ್ಷರದ ಅರ್ಥ ಬದಲಿಸಿದೆ: "ಅವೇ", ಕೀಲಿನಿಂದ ದೂರ. ಎಲ್‌ಗೆ ಹೊಸ ಪದ ಬೇಕಾಗಲಿಲ್ಲ. ಎರಡನೆಯದು ದೂರವಾದರೆ ಮೂರನೆಯದು ಕೀಲಿನ ಕಡೆಗೇ.

ಕೊಕ್ಕೆ ಗಟ್ಟಿಯಾಗಿದೆಯಾ ಎಂದು ನೋಡಲು ಒಂದೇ ಚಿತ್ರವನ್ನು ನೇರವಾಗಿ ಒಂದು ಕಾರ್ಡ್‌ಗೆ, ತಲೆಕೆಳಗಾಗಿ ಇನ್ನೊಂದಕ್ಕೆ ಹಾಕಿ. ನೇರ ಚಿತ್ರಕ್ಕೆ ಮಾತ್ರ ಸರಿ ಉತ್ತರ ಬಂದರೆ ಅಕ್ಷರ ಮಾತ್ರ ನೆನಪಿದೆ ಅಂತಲೇ ಲೆಕ್ಕ. ಒಂದನೇ ಮತ್ತು ಐದನೇ ವಿಧಕ್ಕೆ ಮಾತ್ರ ಚಿತ್ರದ ಕಾರ್ಡ್ ಸಾಲದು. ಇವೆರಡರ ಎಕ್ಸ್‌ರೇ ಮೊದಲಿಗೆ ಮಾಮೂಲಾಗಿ ಕಾಣಬಹುದು. ಅವಕ್ಕೆ ಪೆಟ್ಟು ಬಿದ್ದ ರೀತಿ, ಫಲಕದ ಮೇಲಿನ ನೋವು ಇವನ್ನು ಬರೆದ ಕಾರ್ಡ್ ಬೇಕು.