ಲಿಂಬೊ ಇಷ್ಟ, ಆದರೆ ಕೈ ಓಡಲ್ಲ ಅನ್ನುವವರಿಗೆ ಗ್ರಿಸ್: ಒಂದು ಮಳೆಗಾಲ ಪೂರ್ತಿ ಆಡಿದ ಮೇಲೆ

ಲಿಂಬೊ ಅನ್ನುವ ವಿಡಿಯೊ ಗೇಮ್ ನನಗೆ ಪ್ರಾಣ. ಆದರೆ ಅದರ ಕೊನೆಯ ಭಾಗ ಈಗಲೂ ನನ್ನ ಕೈಲಿ ಆಗುವುದಿಲ್ಲ. ಅದೇ ಮೌನ, ಮಾತೇ ಇಲ್ಲದ ಕತೆ, ಒಂಟಿಯಾಗಿ ಮುಂದೆ ನಡೆಯುತ್ತಾ ಹೋಗುವ ಆ ಗುಂಗು ಬೇಕು, ಗೋಳು ಮಾತ್ರ ಬೇಡ ಅಂತ ಹುಡುಕುತ್ತಿದ್ದಾಗ ಗ್ರಿಸ್ ಅನ್ನುವ ಇನ್ನೊಂದು ಆಟ ಸಿಕ್ಕಿತು.

ಲಿಂಬೊದಲ್ಲಿ ಎರಡು ಥರದ ಕಷ್ಟ ಇದೆ. ಶುರುವಿನ ಜೇಡವನ್ನೇ ನೋಡಿ. ಅದು ಕಾಲನ್ನು ನೆಲಕ್ಕೆ ಕುಟ್ಟಿದಾಗ ಮರದಲ್ಲಿ ಸಿಕ್ಕಿಕೊಂಡ ಕಬ್ಬಿಣದ ಹಲ್ಲಿನ ಬೋನು ಕೆಳಗೆ ಬೀಳುತ್ತದೆ. ಆ ಬೋನನ್ನು ಎಳೆದು ಜೇಡದ ಕಾಲು ಬೀಳುವ ಕಡೆ ಇಡಬೇಕು. ಅದು ಹೊಳೆದ ಕ್ಷಣ ಎಷ್ಟು ಖುಷಿಯಾಗುತ್ತದೆ ಅಂದರೆ, ಅಲ್ಲಿಯವರೆಗೆ ಸತ್ತದ್ದೆಲ್ಲ ಮರೆತುಹೋಗುತ್ತದೆ. ಇದು ತಲೆಯ ಕಷ್ಟ. ಮುಂದೆ ಗರಗಸಗಳು, ಗುರುತ್ವವನ್ನೇ ತಿರುಗಿಸುವ ಯಂತ್ರಗಳು ಬರುತ್ತವೆ. ಅಲ್ಲಿ ಏನು ಮಾಡಬೇಕು ಅಂತ ಗೊತ್ತಿರುತ್ತದೆ, ಆದರೆ ಬೆರಳು ಒಂಚೂರು ತಡವಾದರೂ ನಾವು ಆಡಿಸುವ ಹುಡುಗ ಎರಡು ತುಂಡು. ನನಗೆ ಸಾಕಾಗಿದ್ದು ಈ ಬೆರಳಿನ ಕಷ್ಟ.

ಗ್ರಿಸ್‌ನಲ್ಲಿ ಸಾವೇ ಇಲ್ಲ. ಬಾರ್ಸಿಲೋನಾದ ನೊಮಾಡಾ ಸ್ಟುಡಿಯೊದವರು 2018ರಲ್ಲಿ ತಂದ ಆಟ ಇದು. ದನಿ ಕಳೆದುಕೊಂಡ ಹುಡುಗಿಯ ಬಣ್ಣಗೆಟ್ಟ ಲೋಕಕ್ಕೆ ಒಂದೊಂದೇ ಬಣ್ಣ ವಾಪಸ್ ಬರುತ್ತಾ ಹೋಗುತ್ತದೆ. ಬಿದ್ದರೆ ಸ್ವಲ್ಪ ಕೆಳಗಿನಿಂದ ಮತ್ತೆ ಹತ್ತಬೇಕು, ಅಷ್ಟೇ. ಕಪ್ಪು ಹಕ್ಕಿಯೊಂದು ಕಿರುಚಿ ಗಾಳಿ ಎಬ್ಬಿಸಿ ಹಿಂದಕ್ಕೆ ದಬ್ಬುತ್ತದೆ, ಎದೆ ಡವಡವ ಅನ್ನುತ್ತದೆ, ಆದರೂ ಏನೂ ಕಳೆದುಕೊಳ್ಳುವುದಿಲ್ಲ. ನನ್ನ ಅಕ್ಕನ ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದವಳು, "ಚಿಕ್ಕಮ್ಮ, ಇವಳು ಸಾಯಲ್ವಾ?" ಅಂತ ಕೇಳಿ, ಇಲ್ಲ ಅಂದಕೂಡಲೇ ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡಳು.

ಸಾವಿಲ್ಲದಿದ್ದರೂ ತಲೆಗೆ ಕೆಲಸ ಇದೆ. ಹುಡುಗಿಯ ಲಂಗ ಭಾರವಾದ ಚೌಕ ಕಲ್ಲಾಗುತ್ತದೆ. ಬಿರುಗಾಳಿ ಬಂದಾಗ ಹಾಗೆ ಕಲ್ಲಾಗಿ ನಿಂತರೆ ಅಲುಗುವುದಿಲ್ಲ. ಮೇಲಿಂದ ಹಾಗೇ ಬಿದ್ದರೆ ಬಿರುಕು ಬಿಟ್ಟ ನೆಲ ಒಡೆಯುತ್ತದೆ. ಕಾಡಿನಲ್ಲಿ ಒಂದು ಪುಟ್ಟ ಚೌಕದ ಪ್ರಾಣಿ ಇದೆ. ಮರದ ಹತ್ತಿರ ಕಲ್ಲಾಗಿ ದೊಪ್ಪನೆ ಬಿದ್ದರೆ ಹಣ್ಣು ಉದುರುತ್ತದೆ, ಅದು ಬಂದು ತಿನ್ನುತ್ತದೆ. ಒಂದೇ ಶಕ್ತಿ, ಮೂರು ಉಪಯೋಗ. ಯಾರೂ ಹೇಳಿಕೊಡುವುದಿಲ್ಲ, ನಾವೇ ಕಂಡುಕೊಳ್ಳಬೇಕು. ಲಿಂಬೊದ ಬೋನು ಕೊಟ್ಟ ಖುಷಿಯೇ ಇದು, ಸ್ವಲ್ಪ ಮೆತ್ತಗೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಒಳಗೆ. ಮಳೆಗಾಲದಲ್ಲಿ ನೆಟ್ ಇದ್ದರೆ ಕರೆಂಟಿಲ್ಲ, ಕರೆಂಟಿದ್ದರೆ ನೆಟ್ ಇಲ್ಲ. ಅದಕ್ಕೇ ಶಿವಮೊಗ್ಗದ ಅಕ್ಕನ ಮನೆಯಲ್ಲಿ ಡೌನ್‌ಲೋಡ್ ಮಾಡಿಕೊಂಡು ಬಂದು, ಆಟಗಳನ್ನು ಮಾರುವ ಸ್ಟೀಮ್‌ನ ಆಫ್‌ಲೈನ್ ಮೋಡ್‌ನಲ್ಲಿ ಆಡುತ್ತೇನೆ. ಸಂಜೆ ಕಷಾಯ ಕುಡಿದು, ದೀಪ ಆರಿಸಿ, ಇಯರ್‌ಫೋನ್ ಹಾಕಿಕೊಂಡು ಕೂರುವುದು. ಇಯರ್‌ಫೋನ್ ಬೇಕೇ ಬೇಕು, ಇಲ್ಲದಿದ್ದರೆ ಹಂಚಿನ ಮೇಲೆ ಬೀಳುವ ಮಳೆಯಲ್ಲಿ ಬರ್ಲಿನಿಸ್ಟ್ ತಂಡದ ಸಂಗೀತ ಒಂದಿಷ್ಟೂ ಕೇಳಿಸುವುದಿಲ್ಲ, ಆ ಸಂಗೀತ ಇಲ್ಲದೆ ಈ ಆಟ ಅರ್ಧಕ್ಕರ್ಧ ಖಾಲಿ.

ಆದರೆ ಮತ್ತೆ ಮತ್ತೆ ಆಡಿದ ಮೇಲೆ ಒಂದು ವಿಷಯ ನಿಜಕ್ಕೂ ಕಾಡಲು ಶುರುವಾಯಿತು. ನೋಟ ಚೆನ್ನಾಗಿರಲಿ ಅಂತ ಕ್ಯಾಮೆರಾ ದೂರ ದೂರ ಸರಿಯುತ್ತದೆ, ಹುಡುಗಿ ಅಕ್ಕಿಕಾಳಿನಷ್ಟು ಆಗುತ್ತಾಳೆ. ಲ್ಯಾಪ್‌ಟಾಪ್‌ನಲ್ಲಿ ಹೇಗೋ ನಡೆಯುತ್ತದೆ. ಫೋನಿನಲ್ಲೂ ಈ ಆಟ ಸಿಗುತ್ತದೆ, ಆದರೆ ಅಲ್ಲಿ ಎಲ್ಲಿ ನಿಂತಿದ್ದೇನೆ, ಯಾವುದು ಹತ್ತುವ ಕಟ್ಟೆ, ಯಾವುದು ಬರೀ ಚಿತ್ರ ಅಂತ ಕಣ್ಣು ಕಿರಿದು ಮಾಡಿ ಹುಡುಕಬೇಕು. ಬೆರಳಿನ ಕಷ್ಟ ತಪ್ಪಿಸಿಕೊಳ್ಳಲು ಬಂದವಳಿಗೆ ಕಣ್ಣಿನ ಕಷ್ಟ ಬೇಕಿರಲಿಲ್ಲ. ಅಲ್ಲಲ್ಲಿ ಅಡಗಿಸಿಟ್ಟ ನೆನಪಿನ ತುಣುಕುಗಳನ್ನು ಹುಡುಕುವಾಗಂತೂ ಇದು ಇನ್ನೂ ಜಾಸ್ತಿ. ದಯವಿಟ್ಟು ಫೋನಿನಲ್ಲಿ ಆಡಲು ಇದಕ್ಕೆ ದುಡ್ಡು ಹಾಕಬೇಡಿ.

ಇನ್ನೊಂದು ಕೊರತೆ, ಭಯ ಇಲ್ಲ. ಲಿಂಬೊದಲ್ಲಿ ಕತ್ತಲೆಗೆ ಹೆದರುತ್ತೇವೆ, ಇಲ್ಲಿ ಬರೀ ದುಃಖ. ಭಯವೇ ಬೇಕು ಅನ್ನುವವರು ಲಿಂಬೊ ಮಾಡಿದವರದೇ ಇನ್‌ಸೈಡ್ ನೋಡಿ. ಸತ್ತ ಜಾಗದ ಹತ್ತಿರದಿಂದಲೇ ಮತ್ತೆ ಶುರುವಾಗುತ್ತದೆ, ಆದರೆ ನಾಯಿಗಳು ಅಟ್ಟಿಸಿಕೊಂಡು ಬರುವ ಕಡೆ ಬೆರಳು ಚುರುಕಾಗಿರಲೇಬೇಕು. ಒಂಟಿತನವೇ ಸಾಕು ಅನ್ನುವವರಿಗೆ ಫಾರ್: ಲೋನ್ ಸೇಲ್ಸ್. ಅದರಲ್ಲಿ ಒಂದು ದೊಡ್ಡ ಗಾಡಿಯೊಳಗೆ ಓಡಾಡುತ್ತಾ ಸಿಕ್ಕ ಸಾಮಾನನ್ನೆಲ್ಲ ಉರಿಸಿ ಮುಂದೆ ಹೋಗಬೇಕು, ಗಾಳಿ ಬಂದರೆ ಹಾಯಿ ಬಿಚ್ಚಬೇಕು.

ಯಾವುದು ತಗೊಳ್ಳೋದು ಅಂತ ಗೊಂದಲ ಇದ್ದರೆ, ಲಿಂಬೊದಲ್ಲಿ ಕೊನೆಯ ಸಲ ಬೇಜಾರಾಗಿ ಮುಚ್ಚಿಟ್ಟ ಜಾಗ ನೆನಪಿಸಿಕೊಳ್ಳಿ. ಉತ್ತರ ಹೊಳೆಯದೆ ಮುಚ್ಚಿಟ್ಟಿರಾ, ಹೊಳೆದರೂ ಕೈ ತಡವಾಗಿ ಮುಚ್ಚಿಟ್ಟಿರಾ? ಕೈ ತಡವಾಗಿದ್ದರೆ ಗ್ರಿಸ್ ಕಣ್ಣು ಮುಚ್ಚಿ ತಗೊಳ್ಳಿ. ಉತ್ತರ ಹೊಳೆಯದಿದ್ದರೂ ಇದು ಸುಲಭವೇ. ಆದರೆ ತಲೆ ಕೆಡಿಸಿಕೊಳ್ಳುವುದೇ ಇಷ್ಟ ಅನ್ನುವವರಿಗೆ ಇದು ಸಪ್ಪೆ ಅನಿಸಬಹುದು. ಕೆಲವೇ ಗಂಟೆಯಲ್ಲಿ ಮುಗಿಯುವ ಆಟ, ಹಾಗಾಗಿ ಪೂರ್ತಿ ಬೆಲೆ ಕೊಡಬೇಡಿ, ಸೇಲ್ ಬರುವವರೆಗೆ ಕಾಯಿರಿ. ನಾನು ತಗೊಂಡಿದ್ದೂ ಸೇಲ್‌ನಲ್ಲೇ.